ಘಟ್ಟ ಹತ್ತಿ ಬರುವವರಿಗೆ ಒಂದು ಮೇಲ್ ಸರಿಯಾಗಿ ಬರೆಯಬಾರದೇ?

ಶಿರಸಿಯಲ್ಲಿ ಈಚೆಗೆ ಎರಡನೆಯ ಶನಿವಾರ ಮತ್ತು ಮರುದಿನ ನಡೆದ, ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳ ನಕ್ಷೆ ತಯಾರಿಸುವ ಕಾರ್ಯಾಗಾರದಲ್ಲಿ, ಮೊದಲ ದಿನ ಮಧ್ಯಾಹ್ನದ ಊಟದ ಹೊತ್ತಿಗೂ ನಮ್ಮಲ್ಲಿ ಒಬ್ಬರೂ ನಕ್ಷೆಯ ಮೇಲೆ ಒಂದು ಗೆರೆ ಎಳೆದಿರಲಿಲ್ಲ. ಕಲಿಸಲು ಬಂದವರು ವಿಷಯ ಬಲ್ಲವರಾಗಿದ್ದರು, ಕಲಿಯಲು ಬಂದವರಿಗೂ ಆಸಕ್ತಿಯ ಕೊರತೆ ಇರಲಿಲ್ಲ. ಅರ್ಧ ದಿನ ಹಾಳಾದದ್ದು ಸಂಘಟಕರು ನಮಗೆ ಕಳಿಸಿದ ಒಂದೇ ಒಂದು ಇ-ಮೇಲ್‌ನಿಂದ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಗುರುವಾರ ರಾತ್ರಿ ಬಂದ ಆ ಮೇಲ್‌ನಲ್ಲಿ ಒಂದು ಪೋಸ್ಟರ್‌ನ ಚಿತ್ರವಿತ್ತು, ಅದರ ಕೆಳಗೆ ಒಂದು ಮ್ಯಾಪಿನ ಕೊಂಡಿ ಮತ್ತು ಕಚೇರಿಯ ಫೋನ್ ಸಂಖ್ಯೆ ಬಿಟ್ಟರೆ ಇದ್ದ ಬರಹ ಇಷ್ಟೇ: "ಸ್ಥಳ: ನಮ್ಮ ಸಭಾಭವನ, ಶಿರಸಿ. ಸಮಯ: ಬೆಳಿಗ್ಗೆ 9.30ರಿಂದ. ಲ್ಯಾಪ್‌ಟಾಪ್, ಅಗತ್ಯ ಸಾಫ್ಟ್‌ವೇರ್ ಹಾಗೂ ನಿಮ್ಮ ಊರಿನ ಮಾಹಿತಿಯೊಂದಿಗೆ ಬನ್ನಿ. ತೊಂದರೆಯಾದಲ್ಲಿ ಕಚೇರಿಯನ್ನು ಸಂಪರ್ಕಿಸಿ."

ಶಿರಸಿ ಪೇಟೆಯವರಿಗೆ ಈ ಸಭಾಭವನ ಎಲ್ಲಿದೆಯೆಂದು ಗೊತ್ತಿರಬಹುದು. ಆದರೆ ನೋಂದಣಿ ಮಾಡಿಕೊಳ್ಳುವಾಗ ಪ್ರತಿಯೊಬ್ಬರ ತಾಲ್ಲೂಕನ್ನೂ ಕೇಳಿ ಬರೆಸಿಕೊಂಡಿದ್ದವರಿಗೆ, ಬರುವವರಲ್ಲಿ ಹೆಚ್ಚಿನವರು ಅಂಕೋಲಾ, ಕುಮಟಾ, ಹೊನ್ನಾವರದಿಂದ ಘಟ್ಟ ಹತ್ತಿ ಬರುವವರು, ಕೆಲವರು ಜೋಯಿಡಾದವರು ಎಂಬುದು ಮೊದಲೇ ತಿಳಿದಿತ್ತು. ಶಿರಸಿಗೆ ರೈಲಿಲ್ಲ. ಕರಾವಳಿಯವರು ಕುಮಟಾಕ್ಕೆ ಬಂದು ಅಲ್ಲಿಂದ ದೇವಿಮನೆ ಘಟ್ಟದ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು, ಮಣ್ಣು ಕುಸಿದು ಆ ದಾರಿ ಮುಚ್ಚಿದರೆ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಸುತ್ತಬೇಕು. ಇಷ್ಟು ದೂರ ಬಂದವರಿಗೆ ಹಳೇ ಬಸ್ ನಿಲ್ದಾಣದಲ್ಲಿ ಇಳಿಯಬೇಕೋ ಹೊಸ ನಿಲ್ದಾಣದಲ್ಲಿ ಇಳಿಯಬೇಕೋ ಎಂದು ಹೇಳದ ವಿಳಾಸ ವಿಳಾಸವೇ ಅಲ್ಲ. ಮೇಲ್‌ನಲ್ಲಿದ್ದ ಮ್ಯಾಪಿನ ಕೊಂಡಿಯನ್ನು ಒತ್ತಿದರೆ ಅದು ಊರಿನ ನಡುಮಧ್ಯಕ್ಕೆ ಕರೆದೊಯ್ಯುತ್ತಿತ್ತು, ಏಕೆಂದರೆ ಅದನ್ನು ಹಾಕಿದವರು ಕಟ್ಟಡದ ಮೇಲೆ ಗುರುತು ಇಟ್ಟಿರಲಿಲ್ಲ, ಊರಿನ ಹೆಸರನ್ನು ಹುಡುಕಿ ಬಂದದ್ದನ್ನೇ ನಕಲು ಮಾಡಿದ್ದರು. ಫೋನಿನ ಮ್ಯಾಪಿನಲ್ಲಿ ಕಟ್ಟಡದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ ರೇಖಾಂಶ ಬರುತ್ತವೆ. ದಶಮಾಂಶದ ನಂತರ ನಾಲ್ಕು ಅಂಕಿಗಳಿದ್ದರೆ ಸುಮಾರು 11 ಮೀಟರಿನೊಳಗೆ ಜಾಗ ಸಿಗುತ್ತದೆ, ಎರಡೇ ಅಂಕಿಗಳಿದ್ದರೆ ಒಂದು ಕಿಲೋಮೀಟರಿನಷ್ಟು ತಪ್ಪುತ್ತದೆ. ನಕ್ಷೆ ಕಲಿಸಲು ನಮ್ಮನ್ನು ಕರೆದವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದು ನನಗೆ ತುಂಬ ನೋವಿನ ಸಂಗತಿ.

ಕಾರ್ಯಕ್ರಮ ಮುಗಿಯುವ ಸಮಯವನ್ನೂ ಅವರು ಬರೆದಿರಲಿಲ್ಲ. ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆಂದು ತಿಳಿದರೆ ಮಾತ್ರ ಕೆಳಗಿನವರು ಊರಿಗೆ ಮರಳಬಹುದೇ, ಉಳಿಯಲು ಕೋಣೆ ಹುಡುಕಬೇಕೇ ಎಂದು ನಿರ್ಧರಿಸಲು ಸಾಧ್ಯ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು "ಅಗತ್ಯ ಸಾಫ್ಟ್‌ವೇರ್" ಎಂಬ ಎರಡು ಪದಗಳು. ಬೇಕಾಗಿದ್ದದ್ದು QGIS, ಅದು ಉಚಿತವಾಗಿ ಸಿಗುತ್ತದೆ, ಹೆಸರನ್ನು ಬರೆದಿದ್ದರೆ ಮನೆಯಲ್ಲೇ ಹಾಕಿಕೊಂಡು ಬರುತ್ತಿದ್ದೆವು. ವಿಂಡೋಸ್‌ಗಾಗಿ ಇರುವ ಅದರ ಕಡತ ಒಂದು ಜಿಬಿಗಿಂತ ದೊಡ್ಡದು. ಸಭಾಭವನದಲ್ಲಿ ಮೂವತ್ತು ಜನ ಕುಳಿತು ಒಂದೇ ವೈಫೈಯಿಂದ ಅದನ್ನು ಇಳಿಸಿಕೊಳ್ಳಲು ಹೊರಟರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ತಲಾ ಒಂದು ಜಿಬಿ ಎಂದೇ ಹಿಡಿದರೂ ಒಟ್ಟು 30 ಜಿಬಿ ಆಗುತ್ತದೆ. 40 ಎಂಬಿಪಿಎಸ್ ಸಂಪರ್ಕವೆಂದರೆ ಸೆಕೆಂಡಿಗೆ 5 ಮೆಗಾಬೈಟ್. ಒಂದು ಕ್ಷಣವೂ ನಿಲ್ಲದೆ ಪೂರ್ತಿ ವೇಗದಲ್ಲಿ ನಡೆದರೂ 6000 ಸೆಕೆಂಡು, ಅಂದರೆ ಒಂದು ಗಂಟೆ ನಲವತ್ತು ನಿಮಿಷ. ಆ ಸಭಾಭವನದಲ್ಲಿ ಪೂರ್ತಿ ವೇಗ ಯಾರಿಗೂ ಸಿಗಲಿಲ್ಲ. ಅರ್ಧಕ್ಕೆ ನಿಂತ ಡೌನ್‌ಲೋಡ್‌ಗಳನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಲೇ ಬೆಳಗಿನ ಹೊತ್ತು ಕಳೆಯಿತು.

ಇಳಿಸಿಕೊಂಡವರ ಪಾಡೂ ಮುಗಿಯಲಿಲ್ಲ. ಕಾಲೇಜಿನ ಲ್ಯಾಪ್‌ಟಾಪ್ ತಂದಿದ್ದ ಉಪನ್ಯಾಸಕಿಯೊಬ್ಬರಿಗೆ ಹೊಸ ಸಾಫ್ಟ್‌ವೇರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕಾಯಿತು, ಅದು ಕಾಲೇಜಿನ ಗುಮಾಸ್ತರ ಬಳಿ ಇತ್ತು, ಆ ದಿನ ಕಾಲೇಜಿಗೆ ರಜೆ. ಇನ್ನೊಬ್ಬರದು ಹಳೆಯ 32 ಬಿಟ್ ವಿಂಡೋಸ್, ಈಗಿನ ಆವೃತ್ತಿಗಳು ಅದರಲ್ಲಿ ನಡೆಯುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ System ಒಳಗಿನ About ತೆರೆದು System type ಎದುರು ಏನಿದೆ ನೋಡಿ, 64-bit ಎಂದು ಇರದಿದ್ದರೆ ನಮಗೆ ತಿಳಿಸಿ ಎಂಬ ಒಂದು ವಾಕ್ಯವನ್ನು ವಾರ ಮೊದಲು ಕಳಿಸಿದ್ದರೆ, ಅವರಿಗೊಂದು ಬೇರೆ ಯಂತ್ರವನ್ನು ಹೊಂದಿಸಲು ಸಮಯವಿರುತ್ತಿತ್ತು. ಆಯೋಜಕರು ಕಡೆಗೆ ಒಂದು ಪೆನ್‌ಡ್ರೈವ್‌ನಲ್ಲಾದರೂ ಆ ಕಡತವನ್ನು ಇಟ್ಟುಕೊಂಡಿರಲಿಲ್ಲ.

"ನಿಮ್ಮ ಊರಿನ ಮಾಹಿತಿ" ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅರ್ಥ ಮಾಡಿಕೊಂಡದ್ದು ಸಹಜವೇ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಹಿರಿಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಬೆಟ್ಟದ ಪಹಣಿ ಪ್ರತಿಗಳನ್ನೂ ಸರ್ವೆ ನಕಾಶೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿ ತಂದಿದ್ದರು. ಇದು ಬಳಕೆಗೆ ಬರುವುದಿಲ್ಲ, ಫೋನಿನಲ್ಲಿ ಜಿಪಿಎಸ್ ಹಾಕಿಕೊಂಡು ಗಡಿಯ ಸುತ್ತ ನಡೆದು ಉಳಿಸಿದ GPX ಕಡತ ಬೇಕಿತ್ತು ಎಂದು ಅಲ್ಲಿ ಓಡಾಡುತ್ತಿದ್ದ ಹುಡುಗ ಹೇಳಿದಾಗ, ಅವರು "ಮೊದ್ಲೇ ಹೇಳಿದ್ರೆ ಬೆಟ್ಟ ಸುತ್ತಿ ಬರ್ತಿದ್ನಲ್ಲ ತಮ್ಮಾ" ಎಂದರು. ಆ ಹುಡುಗನದೂ ತಪ್ಪಿಲ್ಲ, ಮೇಲ್ ಬರೆದವನು ಅವನಲ್ಲ. ಆದರೆ ಎರಡು ದಿನವೂ ಆ ಹಿರಿಯರು ತಮ್ಮ ಬೆಟ್ಟವನ್ನು ಬಿಟ್ಟು ಬೇರೆ ಯಾರದೋ ಮಾದರಿ ಕಡತದ ಮೇಲೆ ಕೆಲಸ ಕಲಿಯಬೇಕಾಯಿತು. ಮಾಹಿತಿ ಎಂದರೆ ಯಾವ ರೂಪದ ಮಾಹಿತಿ, ಅದನ್ನು ಹೇಗೆ ಸಂಗ್ರಹಿಸಬೇಕು, ಸಂಗ್ರಹಿಸಲು ಆಗದವರು ಏನು ಮಾಡಬೇಕು ಎಂಬುದಕ್ಕೆ ಮೂರು ವಾಕ್ಯ ಸಾಕಿತ್ತು. ಬೆಟ್ಟ ಸುತ್ತಲು ಮಳೆ ಬಿಡುವು ಕೊಡಬೇಕಾದ್ದರಿಂದ ಆ ವಾಕ್ಯಗಳು ಹತ್ತು ದಿನ ಮೊದಲೇ ತಲುಪಬೇಕಿತ್ತು.

ಇನ್ನು ತೊಂದರೆಯಾದರೆ ಸಂಪರ್ಕಿಸಬೇಕಾದ ಕಚೇರಿಯ ವಿಷಯ. ಕೊಟ್ಟದ್ದು ಸ್ಥಿರ ದೂರವಾಣಿಯ ಸಂಖ್ಯೆ. ಎರಡನೆಯ ಶನಿವಾರ ಆ ಕಚೇರಿಗೆ ರಜೆ, ಭಾನುವಾರ ಹೇಗೂ ರಜೆ. ಕಾರ್ಯಾಗಾರ ನಡೆಯುವ ಎರಡೂ ದಿನ ಫೋನ್ ಎತ್ತಲು ಯಾರೂ ಇರದ ಸಂಖ್ಯೆಯನ್ನೇ ಕೊಟ್ಟವರು, ಅದನ್ನು ಬರೆಯುವಾಗ ಕ್ಯಾಲೆಂಡರನ್ನು ಒಮ್ಮೆಯೂ ನೋಡಿರಲಿಲ್ಲವೆಂಬುದು ಸ್ಪಷ್ಟ. ಮೇಲ್‌ಗೇ ಉತ್ತರ ಬರೆಯೋಣವೆಂದರೆ ಅದು no-reply ವಿಳಾಸದಿಂದ ಬಂದಿತ್ತು. ಪೋಸ್ಟರ್‌ನ ಮೂಲೆಯಲ್ಲಿ ಸಂಚಾಲಕರ ಮೊಬೈಲ್ ಸಂಖ್ಯೆ ಇತ್ತಾದರೂ, ಆ ಹೊತ್ತಿನಲ್ಲಿ ಅವರು ವೇದಿಕೆಯ ಮೇಲೆ ಸ್ವಾಗತ ಭಾಷಣ ಮಾಡುತ್ತಿದ್ದರು, ಫೋನ್ ಸ್ವಿಚ್ ಆಫ್ ಆಗಿತ್ತು. ಜೋಯಿಡಾದಿಂದ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಹೊಸ ನಿಲ್ದಾಣದಲ್ಲಿ ನಿಂತು ಅದೇ ಸಂಖ್ಯೆಗೆ ಕರೆ ಮಾಡುತ್ತ ಕಾದರು, ಕೊನೆಗೆ ರಿಕ್ಷಾದವರನ್ನು ಕೇಳಿಕೊಂಡು ಬಂದು ಸೇರಿದರು. ದಾರಿ ಕೇಳುವವರಿಗೆ ಒಬ್ಬರು, ಸಾಫ್ಟ್‌ವೇರ್ ತೊಡಕಿಗೆ ಇನ್ನೊಬ್ಬರು, ಇಬ್ಬರೂ ವೇದಿಕೆಯ ಕೆಲಸವಿಲ್ಲದವರು, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಫೋನ್ ಎತ್ತುವವರು: ಸಂಪರ್ಕ ಸಂಖ್ಯೆ ಕೊಡುವುದೆಂದರೆ ಇದು.

ಇದೇ ಕಾರ್ಯಾಗಾರವನ್ನು ಮುಂದೆ ಕಾರವಾರದಲ್ಲಿ ನಡೆಸುತ್ತಾರಂತೆ. ಆಗ ಬನವಾಸಿ, ಸಿದ್ದಾಪುರದ ಕಡೆಯವರು ಘಟ್ಟ ಇಳಿದು ಬರಬೇಕು. ಮೇಲಿನ ಎಲ್ಲವನ್ನೂ ನಾನು ಸಂಚಾಲಕರಿಗೆ ಬರೆದು ಕಳಿಸಿದ್ದೇನೆ: ದಿನಾಂಕ, ವಾರ, ಆರಂಭ ಮತ್ತು ಮುಕ್ತಾಯದ ಸಮಯ, ಇಳಿಯಬೇಕಾದ ನಿಲ್ದಾಣ ಇವು ಪೋಸ್ಟರ್‌ನ ಚಿತ್ರದೊಳಗಲ್ಲ, ಮೇಲ್‌ನ ಬರಹದ ಮೊದಲ ನಾಲ್ಕು ಸಾಲಿನಲ್ಲಿ ಇರಬೇಕು, ಏಕೆಂದರೆ ಸಿಗ್ನಲ್ ಕ್ಷೀಣವಾಗಿರುವ ಹಳ್ಳಿಗಳಲ್ಲಿ ಬರಹ ತೆರೆದುಕೊಂಡರೂ ಚಿತ್ರ ತೆರೆದುಕೊಳ್ಳುವುದಿಲ್ಲ ಎಂದೂ ಸೇರಿಸಿದ್ದೇನೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಕಾರವಾರದ ಕಾರ್ಯಾಗಾರಕ್ಕೆ ಹೆಸರು ಕೊಟ್ಟಿರುವವರು ಆ ಮೇಲ್‌ಗಾಗಿ ಕಾಯದೆ QGIS ಅನ್ನು ಈಗಲೇ ಇಳಿಸಿಕೊಳ್ಳಿ, ಸಾಧ್ಯವಾದರೆ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡು ಬನ್ನಿ, ಪಕ್ಕದಲ್ಲಿ ಕುಳಿತವರಿಗೆ ಬೇಕಾಗುತ್ತದೆ.