ನಾಮಿನಿ ಹೆಸರು ಬರೆಸಿದ ಮಾತ್ರಕ್ಕೆ ಮುಗಿಯಲಿಲ್ಲ

"ಎಲ್ಲದಕ್ಕೂ ಹೆಂಡತಿಯನ್ನೇ ನಾಮಿನಿ ಮಾಡಿದ್ದೀನಿ, ಇನ್ನೇನು ಬೇಕು?" ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬ್ಯಾಂಕ್ ಕೌಂಟರಿನ ಆಚೆ ಕೂತಿದ್ದಷ್ಟು ವರ್ಷವೂ ಇದನ್ನೇ ಕೇಳಿದೆ. ರಿಟೈರ್ ಆದಮೇಲೂ ಕೇಳುತ್ತಿದ್ದೀನಿ.

ಹೋದ ವಾರ ನಮ್ಮ ಕುವೆಂಪುನಗರದಲ್ಲೇ ಪರಿಚಯದವರೊಬ್ಬರಿಗೆ ಸ್ಟ್ರೋಕ್ ಆಯಿತು. ಇನ್ನೂ ಕೆಲಸದಲ್ಲಿರುವ ಮನುಷ್ಯ. ಆಸ್ಪತ್ರೆಯಲ್ಲಿ 2 ಲಕ್ಷ ಅಡ್ವಾನ್ಸ್ ಕೇಳಿದರು. ದುಡ್ಡಿಲ್ಲದ ಮನೆಯಲ್ಲ. ಉಳಿತಾಯ ಖಾತೆಯಲ್ಲಿ ಒಂದೂವರೆ ಲಕ್ಷ, 6 ಲಕ್ಷದ ಒಂದು ಎಫ್‌ಡಿ, ಅದರ ಮೇಲೆ ಮ್ಯೂಚುವಲ್ ಫಂಡು. ಎಲ್ಲವೂ ಅವರೊಬ್ಬರ ಹೆಸರಲ್ಲಿ. ಹೆಂಡತಿಯ ಖಾತೆಯಲ್ಲಿ ಇದ್ದದ್ದು 4 ಸಾವಿರ.

ಆಕೆ ಎಫ್‌ಡಿ ರಸೀದಿ ಹಿಡಿದುಕೊಂಡು ಬ್ಯಾಂಕಿಗೆ ಓಡಿದರು. ನಾನೂ ಜೊತೆಗೆ ಹೋಗಿದ್ದೆ. ರಸೀದಿಯ ಕೆಳಗೆ ತಮ್ಮ ಹೆಸರು ಅಚ್ಚಾಗಿದ್ದ ಜಾಗಕ್ಕೆ ಬೆರಳಿಟ್ಟು, "ಇಲ್ಲೇ ಇದೆಯಲ್ಲ ಸರ್ ನನ್ನ ಹೆಸರು" ಅಂತ ಮತ್ತೆ ಮತ್ತೆ ತೋರಿಸಿದರು. ಕೌಂಟರಿನ ಹುಡುಗ ಆಗುವುದಿಲ್ಲ ಅಂದ. ಅವನನ್ನು ಬೈಯಲಾರೆ, ಆ ಸೀಟಿನಲ್ಲಿದ್ದರೆ ನಾನೂ ಅದನ್ನೇ ಹೇಳಬೇಕಿತ್ತು. ಕೊನೆಗೆ ಆಕೆ ಕೈಬಳೆ ಅಡ ಇಟ್ಟು ಅಡ್ವಾನ್ಸ್ ಕಟ್ಟಿದರು. ಸ್ವಂತ ದುಡ್ಡು ಬ್ಯಾಂಕಿನಲ್ಲಿ ಕೊಳೆಯುತ್ತಿರುವಾಗ ಬಳೆ ಅಡ ಇಡುವುದು ಅಂದರೆ ಏನು ಹೇಳಿ!

ನಾಮಿನಿಗೆ ಬೆಲೆ ಬರುವುದು ಖಾತೆದಾರ ತೀರಿಕೊಂಡ ಮೇಲೆ. ಆಗಲೂ ಬ್ಯಾಂಕ್ ಹಣ ಕೊಡುವುದು ವಾರಸುದಾರರ ಪರವಾಗಿ ಇಟ್ಟುಕೊಳ್ಳಲಿ ಅಂತ. ಬದುಕಿರುವಷ್ಟು ದಿನ, ಐಸಿಯುನಲ್ಲಿ ಮಲಗಿದ್ದರೂ ಸರಿ, ನಾಮಿನಿಗೆ ಒಂದು ರೂಪಾಯಿ ತೆಗೆಯುವ ಹಕ್ಕಿಲ್ಲ. ಕೆಲವರು ಪವರ್ ಆಫ್ ಅಟಾರ್ನಿ ಮಾಡಿಸಿಟ್ಟು ನಿಶ್ಚಿಂತೆಯಾಗಿರುತ್ತಾರೆ. ಬರೆದುಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಆ ಪತ್ರವೂ ಬಿದ್ದುಹೋಗುತ್ತದೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಇವರ ಪುಣ್ಯ, ಎರಡು ದಿನದಲ್ಲಿ ಎಚ್ಚರ ಬಂತು. ಮಾತು ಅರ್ಥವಾಗುತ್ತಿತ್ತು, ಬಲಗೈ ಮಾತ್ರ ಎತ್ತಲಾಗುತ್ತಿರಲಿಲ್ಲ. ಇಂಥವರಿಗೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಂದು ದಾರಿ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ಸಹಿ ಹಾಕಲಾಗದಿದ್ದರೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಕೊಟ್ಟು ಹಣ ತೆಗೆಯಬಹುದು. ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಹಣ ಯಾರ ಕೈಗೆ ಕೊಡಬೇಕು ಅನ್ನುವುದನ್ನು ಖಾತೆದಾರರೇ ತಿಳಿಸಬೇಕು. ಮ್ಯಾನೇಜರ್ ಒಳ್ಳೆಯವರು, ವಾರ್ಡಿಗೇ ಅಧಿಕಾರಿಯನ್ನು ಕಳಿಸಿದರು. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ವೆಂಟಿಲೇಟರ್ ಮೇಲೆ ಪ್ರಜ್ಞೆ ಇಲ್ಲದೆ ಮಲಗಿದ್ದರೆ ಈ ದಾರಿಯೂ ಇಲ್ಲ. ಹೆಂಡತಿ ಗಾರ್ಡಿಯನ್ ಆಗುವುದಕ್ಕೆ ಕೋರ್ಟಿಗೆ ಅಲೆಯಬೇಕು.

ಇದರ ನಡುವೆ ಸಂಬಂಧಿಕರ ಹುಡುಗನೊಬ್ಬ, "ಅತ್ತೆ, ಮಾವನ ಬೆರಳು ಒತ್ತಿಸಿ ಫೋನ್ ತೆಗೆದು ಟ್ರಾನ್ಸ್‌ಫರ್ ಮಾಡಿಬಿಡೋಣ" ಅಂದ. ನಾನು ಬೇಡವೇ ಬೇಡ ಅಂದೆ. ಆ ಮೇಲೆ ಏನಾದರೂ ಹೆಚ್ಚುಕಮ್ಮಿ ಆದರೆ, ಪ್ರಜ್ಞೆ ಇಲ್ಲದವರ ಖಾತೆಯಿಂದ ದುಡ್ಡು ಹೊಡೆದಳು ಅಂತ ಅದೇ ಸಂಬಂಧಿಕರು ಆಕೆಯ ಮೇಲೆ ಬೀಳುತ್ತಾರೆ.

ಹಾಗಾದರೆ ಏನು ಮಾಡಬೇಕಿತ್ತು? ಮನೆಖರ್ಚಿನ ಖಾತೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾಡಿಸಿ, 'ಐದರ್ ಆರ್ ಸರ್ವೈವರ್' ಅಂತ ಬರೆಸಬೇಕಿತ್ತು. ಆಗ ಯಾರೊಬ್ಬರ ಸಹಿಗಾದರೂ ಹಣ ಸಿಗುತ್ತದೆ. ಈ ಕೆಲಸ ಅರ್ಧ ದಿನದ್ದು. ಇಬ್ಬರೂ ಆಧಾರ್, ಪ್ಯಾನ್, ಫೋಟೋ ತೆಗೆದುಕೊಂಡು ಬ್ರಾಂಚಿಗೆ ಹೋದರೆ ಸಾಕು.

ಎಫ್‌ಡಿಯಲ್ಲಿ ಮಾತ್ರ ಒಂದು ಗಂಟಿದೆ, ಅಲ್ಲಿ ತಿಳಿದವರೂ ಎಡವುತ್ತಾರೆ. ಅದಕ್ಕೂ ಐದರ್ ಆರ್ ಸರ್ವೈವರ್ ಅಂತಲೇ ಬರೆಸಿರುತ್ತಾರೆ. ಅವಧಿ ಮುಗಿದ ಮೇಲೆ ಒಬ್ಬರ ಸಹಿ ಸಾಕು. ಅವಧಿಗೆ ಮುಂಚೆ ಮುರಿಸಬೇಕಾದರೆ ಇಬ್ಬರ ಸಹಿಯನ್ನೂ ಕೇಳಬಹುದು. ಗಂಡ ಮಲಗಿದ್ದಾಗ ಬೇಕಾಗುವುದೇ ಮುಂಚೆ ಮುರಿಸುವುದು, ಅಲ್ವಾ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು, 6 ಲಕ್ಷವನ್ನು ಒಂದೇ ಎಫ್‌ಡಿಯಲ್ಲಿ ಐದು ವರ್ಷಕ್ಕೆ ಕಟ್ಟಿಹಾಕಬೇಡಿ. ಒಂದೊಂದು ಲಕ್ಷದ ಆರು ಮಾಡಿ, ಎರಡೆರಡು ತಿಂಗಳಿಗೆ ಒಂದು ಮುಗಿಯುವ ಹಾಗೆ ಇಡಿ. ಅದರಲ್ಲಿ ಎರಡು ಹೆಂಡತಿಯ ಹೆಸರಲ್ಲೇ ಇರಲಿ. ತೆರಿಗೆ ತೊಂದರೆ ಆಗುತ್ತೆ ಅನ್ನುತ್ತಾರೆ. ಗಂಡ ಕೊಟ್ಟ ದುಡ್ಡಿಗೆ ಬರುವ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ, ಅಷ್ಟೇ. ಅವರ ಹೆಸರಲ್ಲೇ ಇದ್ದಿದ್ದರೂ ಆ ತೆರಿಗೆ ಕಟ್ಟಲೇಬೇಕಿತ್ತಲ್ಲ.

ಇನ್ನು, "ಜಾಯಿಂಟ್ ಮಾಡಿದರೆ ಅವಳ ತವರಿನವರು ಕೇಳಿದಾಗಲೆಲ್ಲ ಕೊಟ್ಟುಬಿಡುತ್ತಾಳೆ" ಅನ್ನುವ ಮಾತು. ಮಂಡ್ಯ ಬ್ರಾಂಚಿನಲ್ಲಿ ನನ್ನೆದುರೇ, ಹೆಂಡತಿ ಪಕ್ಕದಲ್ಲಿ ಕೂತಿರುವಾಗಲೇ ಹೀಗೆ ಹೇಳಿದವರಿದ್ದಾರೆ. ಅಲ್ಲೊಂದು ಇಲ್ಲೊಂದು ಹಾಗಾಗಿರಬಹುದು. ಅಷ್ಟೊಂದು ಭಯವಿದ್ದರೆ ಆಸ್ಪತ್ರೆ ಅಡ್ವಾನ್ಸಿಗೆ ಸಾಕಾಗುವಷ್ಟು ಮಾತ್ರ ಜಾಯಿಂಟ್‌ನಲ್ಲಿಡಿ. ಮಕ್ಕಳನ್ನು, ಮನೆಯನ್ನು, ವಯಸ್ಸಾದ ಅಪ್ಪ ಅಮ್ಮನನ್ನು ಕಣ್ಣುಮುಚ್ಚಿ ಒಪ್ಪಿಸಿದ ಮನುಷ್ಯಳ ಕೈಗೆ 2 ಲಕ್ಷ ಕೊಡುವುದಕ್ಕೆ ಹಿಂದೆಮುಂದೆ ನೋಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬರಲಿ, ನಾನೇನು ಅಡಗಿಸಿಕೊಳ್ಳುವುದಿಲ್ಲ.

ನಮ್ಮನೆಯಲ್ಲಿ ಇದು ಉಲ್ಟಾ ಅಂತ ನಿಮಗೆಲ್ಲ ಗೊತ್ತು. ಲೆಕ್ಕ ಪೂರ್ತಿ ನನ್ನದು. ನಮ್ಮ ಯಜಮಾನರು ಮೇಷ್ಟ್ರಾಗಿದ್ದಷ್ಟು ಕಾಲವೂ ಸಂಬಳ ನನ್ನ ಕೈಗಿಟ್ಟು ಸುಮ್ಮನಾದವರು. ನನಗೆ ಆಪರೇಷನ್ ಆಗಬೇಕು ಅಂತಾದಾಗ ನಾನು ಹೆದರಿದ್ದು ಆಪರೇಷನ್ನಿಗಲ್ಲ, ಇವರು ಬ್ಯಾಂಕಿನಲ್ಲಿ ಯಾರ ಮುಂದೆ ನಿಲ್ಲುತ್ತಾರೋ ಅಂತ. ಪಟ್ಟಿ ಬರೆದುಕೊಟ್ಟರೆ ಓದಿ, "ಸರಿ ಸರಿ" ಅಂತ ಮಡಚಿಟ್ಟರು. ಪಟ್ಟಿ ಸಾಲದು ಅಂತ ಆಗಲೇ ಅರ್ಥವಾಯಿತು.

ಆಮೇಲೆ ಕೈಯಲ್ಲೇ ಮಾಡಿಸಿದೆ. ಮ್ಯೂಚುವಲ್ ಫಂಡಿನಲ್ಲಿ ಅವರ ಹೆಸರಲ್ಲೇ, ಅವರ ಮೊಬೈಲ್ ನಂಬರಿಗೇ ಒಂದು ಲಿಕ್ವಿಡ್ ಫಂಡ್ ಮಾಡಿಸಿ 10 ಸಾವಿರ ಹಾಕಿಸಿದೆ. ಒಂದು ದಿನ, "ಇದರಲ್ಲಿ 5 ಸಾವಿರ ವಾಪಸ್ ತೆಗೀರಿ" ಅಂತ ಹೇಳಿ ಅಡುಗೆಮನೆಗೆ ಹೋದೆ. ಓಟಿಪಿ ಬಂತು, ಕನ್ನಡಕ ಹುಡುಕುವಷ್ಟರಲ್ಲಿ ಅವಧಿ ಮುಗಿಯಿತು. ಮತ್ತೆ ಕಳಿಸಿದರು. ಮುಂದೆ ಬ್ಯಾಂಕ್ ಖಾತೆಯ ಕಡೆಯ ನಾಲ್ಕು ಅಂಕಿ ತಾಳೆ ನೋಡಿಕೊಳ್ಳಿ ಅಂತ ಬಂದಾಗ ಗಾಬರಿಯಾಗಿ ನನ್ನನ್ನು ಕರೆದರು. ನಾನು ಬರಲಿಲ್ಲ, ಪಾಸ್‌ಬುಕ್ ನೋಡಿ ಅಂದೆ. ಮಾರನೇ ದಿನ ದುಡ್ಡು ಬಂದಿದೆ ಅಂತ ಮೆಸೇಜ್ ಬಂದಾಗ ಅವರ ಮುಖ ನೋಡಬೇಕಿತ್ತು! ಆಮೇಲೆ ಅವಧಿ ಮುಗಿದ ಒಂದು ಎಫ್‌ಡಿಯನ್ನೂ ಅವರೊಬ್ಬರೇ ಹೋಗಿ ರಿನ್ಯೂ ಮಾಡಿಸಿಕೊಂಡು ಬಂದರು.

"ಇವೆಲ್ಲ ಈಗ ಯಾಕೆ, ಅಪಶಕುನ" ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಇನ್ಶೂರೆನ್ಸ್ ಮಾಡಿಸುವಾಗ ಆಗದ ಅಪಶಕುನ ಹೆಂಡತಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದರೆ ಹೇಗೆ ಆಗುತ್ತದೆ?

ಇವತ್ತು ಪಾಸ್‌ಬುಕ್ ತೆಗೆದು ಮೊದಲ ಪುಟದಲ್ಲಿ 'ಮೋಡ್ ಆಫ್ ಆಪರೇಷನ್' ಅನ್ನುವ ಸಾಲು ನೋಡಿ. 'ಸೆಲ್ಫ್' ಅಥವಾ 'ಸಿಂಗಲ್' ಅಂತಿದ್ದರೆ ಸೋಮವಾರ ಇಬ್ಬರೂ ಒಟ್ಟಿಗೆ ಬ್ರಾಂಚಿಗೆ ಹೋಗಿ. ಫಾರಂ ಹೆಂಡತಿಯ ಕೈಲೇ ತುಂಬಿಸಿ, ಮ್ಯಾನೇಜರ್ ಹತ್ತಿರ ಅವರೇ ಮಾತಾಡಲಿ. "ಇವರು ಹುಷಾರಿಲ್ಲದೆ ಮಲಗಿದರೆ ನಮ್ಮ ಎಫ್‌ಡಿಯನ್ನು ಅವಧಿಗೆ ಮುಂಚೆ ನನ್ನೊಬ್ಬಳ ಸಹಿಗೆ ಮುರಿಸಿಕೊಡ್ತೀರಾ?" ಅಂತ ಅವರ ಬಾಯಲ್ಲೇ ಕೇಳಿಸಿ. ಆಗಲ್ಲ ಅಂದರೆ, ಅವತ್ತೇ ಅಲ್ಲೇ ಕೂತು ಅದನ್ನು ಒಡೆದು ಸಣ್ಣ ಸಣ್ಣದಾಗಿ ಮಾಡಿಸಿಕೊಂಡು ಬನ್ನಿ.