ಸ್ಪಷ್ಟನೆ: ಆರೋಗ್ಯ ವಿಮೆಯ ಕೋ-ಪೇಮೆಂಟ್ ಲೆಕ್ಕ ವಿಮಾ ಮೊತ್ತದ ಮೇಲಲ್ಲ

“5 ಲಕ್ಷದ ಪಾಲಿಸಿಯಲ್ಲಿ ಶೇ. 20 ಕೋ-ಪೇಮೆಂಟ್ ಇದ್ದರೆ ಮೊದಲ 1 ಲಕ್ಷ ನಾವೇ ಕಟ್ಟಬೇಕು, ಆಮೇಲಷ್ಟೇ ಕಂಪನಿ ಕೊಡುತ್ತದೆ.”

ಬೆಳಗಾವಿಯ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ, ಕಳೆದ ವಾರ ನಾನೂ ಓದದೆ ಮುಂದೆ ಕಳಿಸಿದ್ದ ಈ ಸಂದೇಶ ತಪ್ಪು. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯ ಪ್ರಕಾರ, ಕೋ-ಪೇಮೆಂಟ್ ಎಂದರೆ ಕಂಪನಿ ಒಪ್ಪಿಕೊಂಡ ಕ್ಲೇಮಿನ ಮೊತ್ತದಲ್ಲಿ ಪಾಲಿಸಿದಾರ ಭರಿಸಬೇಕಾದ ನಿಗದಿತ ಶೇಕಡಾ ಪಾಲು. ಅದರಿಂದ ವಿಮಾ ಮೊತ್ತ ಕಡಿಮೆಯಾಗುವುದಿಲ್ಲ. ಸಂದೇಶದಲ್ಲಿರುವುದು, ನಿಗದಿತ ಮೊತ್ತದವರೆಗಿನ ಖರ್ಚನ್ನು ಮೊದಲು ಪಾಲಿಸಿದಾರರೇ ಭರಿಸಬೇಕಾದ ಡಿಡಕ್ಟಿಬಲ್ ಎಂಬ ಬೇರೆಯೇ ಷರತ್ತಿನ ಛಾಯೆ.

ಒಬ್ಬ ಹಿರಿಯರ ಆಸ್ಪತ್ರೆ ಬಿಲ್ಲು 1,20,000 ರೂಪಾಯಿ ಆಗಿದೆಯೆಂದು ಇಟ್ಟುಕೊಳ್ಳಿ. ಕೈಗವಸು, ನೋಂದಣಿ ಶುಲ್ಕದಂಥ, ಪಾಲಿಸಿಗೆ ಒಳಪಡದ ಬಾಬತ್ತು 10,000 ಕಳೆದರೆ ಒಪ್ಪಿತ ಮೊತ್ತ 1,10,000, ಅದರ ಶೇ. 20, ಅಂದರೆ 22,000 ಅವರದು, ಉಳಿದ 88,000 ಕಂಪನಿಯದು. ಕಳೆದುಹೋದ ಹತ್ತು ಸಾವಿರವೂ ಸೇರಿ ಕೈಯಿಂದ ಹೋಗುವುದು 32,000, ಒಂದು ಲಕ್ಷವಲ್ಲ. ಆದರೆ ಇದು ಒಮ್ಮೆಗೆ ಮುಗಿಯುವುದಿಲ್ಲ, ಷರತ್ತು ಅನ್ವಯಿಸುವ ಪ್ರತಿ ಕ್ಲೇಮಿಗೂ ಕಡಿತವಾಗುತ್ತದೆ.

ಎಲ್ಲ ಪಾಲಿಸಿಗಳಲ್ಲೂ ಈ ಷರತ್ತಿಲ್ಲ. ಕೆಲವು ಪಾಲಿಸಿಗಳಲ್ಲಿ ನಿರ್ದಿಷ್ಟ ವಯಸ್ಸಿನ ನಂತರ ಸೇರಿದವರಿಗೆ, ಇನ್ನು ಕೆಲವುಗಳಲ್ಲಿ ಪ್ರೀಮಿಯಂ ಇಳಿಸಿಕೊಳ್ಳಲು ತಾವೇ ಒಪ್ಪಿದವರಿಗೆ ಅನ್ವಯಿಸುತ್ತದೆ. ನಮ್ಮ ಭಾಗದವರು ಮುಖ್ಯವಾಗಿ ಗಮನಿಸಬೇಕಾದದ್ದು ವಲಯದ ಷರತ್ತು: ಸಣ್ಣ ಊರಿನ ಕಡಿಮೆ ಪ್ರೀಮಿಯಂ ಕಟ್ಟಿ ಮುಂಬೈನಂಥ ಮಹಾನಗರದಲ್ಲಿ ಚಿಕಿತ್ಸೆ ಪಡೆದಾಗ ಮಾತ್ರ ಕೆಲವು ಪಾಲಿಸಿಗಳು ಕೋ-ಪೇಮೆಂಟ್ ವಿಧಿಸುತ್ತವೆ. ಪಾಲಿಸಿಯ ಶೆಡ್ಯೂಲ್ ಪುಟದಲ್ಲಿ ಸಾಮಾನ್ಯವಾಗಿ ಇದರ ಶೇಕಡಾವಾರು ನಮೂದಾಗಿರುತ್ತದೆ. ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳಿಸಬೇಡಿ.