ಸತ್ಯಾಂಶ: ಉರಿ ಜೋರಾದರೆ ಕಬಾಬ್ ಚೆನ್ನಾಗಿ ಬೇಯುತ್ತಾ?

"ಎಣ್ಣೆ ಹೊಗೆಯಾಡುವಷ್ಟು ಕಾಯಲಿ. ಉರಿ ಜೋರಿದ್ದರೆ ಕಬಾಬಿನ ರಸ ಒಳಗೇ ಉಳಿಯುತ್ತೆ, ಎಣ್ಣೆನೂ ಕುಡಿಯಲ್ಲ."

ರಸದ ಮಾತು ಸುಳ್ಳು. ಕೆಂಪಗಾದ ಹೊರಪದರ ನೀರನ್ನು ತಡೆಯುವುದಿಲ್ಲ. ಬಾಣಲೆಯಲ್ಲಿ ಕೇಳುವ ಚುರ್ ಸದ್ದೇ ನೀರು ಹೊರಬರುತ್ತಿರುವ ಗುರುತು, ಅಲ್ವಾ?

ಬಿಸಿ ನಡುಭಾಗಕ್ಕೆ ತಲುಪಲು ಸಮಯ ಬೇಕು. ಜೋರು ಉರಿಯಲ್ಲಿ ಅಷ್ಟರೊಳಗೆ ಹೊರಗೆ ಕಪ್ಪಾಗಿರುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪದ ಹಸಿ ಚಿಕನ್ ಕೀಮಾ ಕಬಾಬನ್ನು ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ಸುಮಾರು 4–5 ನಿಮಿಷ ಬಿಡಿ. ಬಣ್ಣ ನೋಡಿ ನಂಬಬೇಡಿ, ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬೇಯಿಸಿದ ಆಲೂಗಡ್ಡೆಯ ಕಟ್ಲೆಟ್‌ಗೆ ಈ ಚಿಂತೆಯಿಲ್ಲ, ಒಳಗೆ ಬಿಸಿಯಾದರೆ ಸಾಕು.

ಎಣ್ಣೆಯ ಮಾತು ಅರ್ಧ ನಿಜ. ಉರಿ ತೀರಾ ಸಣ್ಣದಾದರೆ ಜಿಡ್ಡು ಜಾಸ್ತಿಯಾಗುತ್ತದೆ. ಚಿಟಿಕೆ ಬ್ರೆಡ್ ಪುಡಿ ಹಾಕಿ ನೋಡಿ: ತಕ್ಷಣ ಗುಳ್ಳೆ ಏಳಬೇಕು, ಆದರೆ ಕೂಡಲೇ ಕಪ್ಪಾಗಬಾರದು.